ಡೇಟಾ ಸೆಕ್ಯುರಿಟಿ ಆರ್ಕಿಟೆಕ್ಚರ್ ಡೆಕ್ ನೋಡಿ ರಿವ್ಯೂ ನೋಟ್ ಬರೆಯೋದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

38 ಸ್ಲೈಡ್ ಡೆಕ್ಕಲ್ಲೇ ಎಲ್ಲಾ ಇದೆಯಲ್ಲ, ಮತ್ತೆ ನೋಟ್ ಯಾಕೆ?

ಡೆಕ್ ಮಾಡಿರೋದು ಡಿಸೈನ್ ಪಾಸ್ ಮಾಡಿಸ್ಕೊಳ್ಳೋಕೆ. ನೋಟ್ ಬರೆಯೋದು ಆ ಡಿಸೈನಲ್ಲಿ ಡೇಟಾ ಎಲ್ಲಿ ಸೋರಬಹುದು ಅಂತ ಸೈನ್ ಹಾಕೋರಿಗೆ ಹೇಳೋಕೆ. ಎರಡರ ಉದ್ದೇಶನೇ ಬೇರೆ, ಅದಕ್ಕೇ ಒಂದೊಂದು ಸ್ಲೈಡನ್ನೂ ಎರಡೆರಡು ಸಾಲಿಗೆ ಇಳಿಸಿ ಜೋಡಿಸಿದ್ರೆ ಅದು ರಿವ್ಯೂ ನೋಟ್ ಆಗಲ್ಲ, ಡೆಕ್ಕಿನ ಜೆರಾಕ್ಸ್ ಆಗತ್ತೆ, ಅದೂ ಚಿಕ್ಕ ಅಕ್ಷರದಲ್ಲಿ. ಎರಡು ಪುಟದ ನೋಟ್ ಓದಿದ ಮ್ಯಾನೇಜರ್‌ಗೆ ಮೂರು ವಿಷಯ ಗೊತ್ತಾಗ್ಬೇಕು: ಡೇಟಾ ಎಲ್ಲಿಂದ ಎಲ್ಲಿಗೆ ಹೋಗ್ತಿದೆ, ಎಲ್ಲೆಲ್ಲಿ ಕೂತಿದೆ, ಯಾರು ಯಾರು ಓದಬಹುದು. ಇದಕ್ಕೆ ಸೇರದ ಸ್ಲೈಡ್, ಅಂದ್ರೆ ವಿಷನ್, ರೋಡ್‌ಮ್ಯಾಪ್, ಕಂಪ್ಲಯನ್ಸ್ ಲೋಗೋಗಳ ಸಾಲು, ಎಲ್ಲಾ ಧೈರ್ಯವಾಗಿ ಬಿಟ್ಟುಬಿಡಿ.

ಓದೋಕೆ ಎಲ್ಲಿಂದ ಶುರು ಮಾಡೋದು? ಮೊದಲ ಸ್ಲೈಡಿಂದಾನಾ?

ಸುಮ್ನೆ ಒಂದ್ಸಲ ತಿರುವಿಹಾಕೋಕೆ ಹೌದು. ಆಮೇಲೆ ಸ್ಲೈಡ್ ಕ್ರಮ ಮರೆತು ಒಂದೇ ಒಂದು ಡೇಟಾ ಹಿಡ್ಕೊಂಡು ಅದು ಹುಟ್ಟಿದ ಜಾಗದಿಂದ ಡಿಲೀಟ್ ಆಗೋವರೆಗೂ ಹಿಂದೆ ಹೋಗಿ. ಉದಾಹರಣೆಗೆ ಒಂದು ಡಯಾಗ್ನೊಸ್ಟಿಕ್ ಲ್ಯಾಬ್ ಚೈನಿನ ಡೆಕ್ ಅಂದ್ಕೊಳ್ಳಿ, ಇದನ್ನೇ ಕೊನೇವರೆಗೂ ಇಟ್ಕೊಳ್ಳೋಣ. ಪೇಶಂಟಿನ ಬ್ಲಡ್ ಟೆಸ್ಟ್ ರಿಸಲ್ಟ್ ಲ್ಯಾಬಿನ ಸಾಫ್ಟ್‌ವೇರಲ್ಲಿ ಬರತ್ತೆ, ಅಲ್ಲಿಂದ ವಿಪಿಎನ್ ಮೂಲಕ ಅಮೆಜಾನ್ ಕ್ಲೌಡ್ ಎಡಬ್ಲ್ಯುಎಸಿನ ಮುಂಬೈ ರೀಜನ್ನಿಗೆ, ಅಲ್ಲಿ ಲೋಡ್ ಬ್ಯಾಲೆನ್ಸರ್ ಹಿಂದೆ ಇರೋ ಒಂದು ಸರ್ವಿಸ್ ಅದನ್ನ ತಗೊಂಡು ಆರ್‌ಡಿಎಸ್ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಹಾಕತ್ತೆ, ಪಿಡಿಎಫ್ ಮಾಡಿ ಎಸ್3 ಅನ್ನೋ ಫೈಲ್ ಸ್ಟೋರೇಜಿನ ಒಂದು ಬಕೆಟ್ಟಲ್ಲಿ ಇಡತ್ತೆ, ಪೇಶಂಟ್ ಫೋನಿಗೆ ಎಸ್ಎಂಎಸಲ್ಲಿ ಲಿಂಕ್ ಹೋಗತ್ತೆ. ರಾತ್ರಿ ಒಂದು ಜಾಬ್ ಓಡಿ ಅನಾಲಿಟಿಕ್ಸ್ ಕಡೆಗೆ ಕಾಪಿ ಮಾಡತ್ತೆ. ಸಪೋರ್ಟ್ ಟೀಮಿಗೆ ಒಂದು ಅಡ್ಮಿನ್ ಪ್ಯಾನೆಲ್ ಇದೆ.

ಈಗ "ಒಬ್ಬ ಪೇಶಂಟಿನ ಎಚ್ಐವಿ ರಿಪೋರ್ಟ್" ಅಂತ ಇಟ್ಕೊಂಡು ಈ ದಾರಿಯಲ್ಲಿ ನಡೀರಿ. ಸೆನ್ಸಿಟಿವ್ ಆಗಿರೋದನ್ನೇ ಆರಿಸ್ಕೊಳ್ಳಿ, ಆಗ ಪ್ರಶ್ನೆಗಳು ತಾವೇ ಬರ್ತವೆ. "ಡೇಟಾ" ಅಂತ ಬರೀ ಮಾತಲ್ಲಿ ಯೋಚಿಸಿದ್ರೆ ಎಲ್ಲಾ ಬಾಣಗಳೂ ಸರಿಯಾಗೇ ಕಾಣ್ತವೆ.

ಫ್ಲೋ ಸೆಕ್ಷನ್ನಲ್ಲಿ ಏನು ಬರೀಬೇಕು, ಡಯಾಗ್ರಾಂ ಕಾಪಿ ಪೇಸ್ಟ್ ಮಾಡಿದ್ರೆ ಸಾಲಲ್ವಾ?

ಸಾಲಲ್ಲ. ಒಂದೊಂದು ಬಾಣವನ್ನೂ ಒಂದು ಪೂರ್ತಿ ವಾಕ್ಯ ಮಾಡಿ: ಯಾರು ಕಳಿಸ್ತಾರೆ, ಯಾರಿಗೆ, ಏನೇನು ಫೀಲ್ಡ್ ಹೋಗತ್ತೆ, ದಾರಿಯಲ್ಲಿ ಎನ್‌ಕ್ರಿಪ್ಟ್ ಆಗಿದೆಯಾ, ಆ ಕಡೆಯವರು ನಿಜವಾಗ್ಲೂ ಅವರೇನಾ ಅಂತ ಯಾರು ಚೆಕ್ ಮಾಡ್ತಾರೆ. ವಾಕ್ಯ ಪೂರ್ತಿ ಮಾಡೋಕೆ ಆಗ್ಲಿಲ್ಲ ಅಂದ್ರೆ ಅಲ್ಲಿ ನಿಮಗೊಂದು ಪ್ರಶ್ನೆ ಸಿಕ್ತು ಅಂತ ಅರ್ಥ.

ನಮ್ಮ ಲ್ಯಾಬ್ ಡೆಕ್ಕಲ್ಲಿ ಸ್ಲೈಡ್ 14 "ಎಲ್ಲಾ ಕಡೆ ಟಿಎಲ್ಎಸ್ 1.2" ಅನ್ನತ್ತೆ, ಅಂದ್ರೆ ದಾರಿಯಲ್ಲಿ ಎಲ್ಲಾ ಎನ್‌ಕ್ರಿಪ್ಟ್ ಆಗೇ ಹೋಗತ್ತೆ ಅಂತ. ಬಾಣ ಬಾಣವಾಗಿ ಬರೀತಾ ಹೋದ್ರೆ ಲ್ಯಾಬಿಂದ ಲೋಡ್ ಬ್ಯಾಲೆನ್ಸರ್‌ವರೆಗೆ ಸರಿ, ಆದ್ರೆ ಟಿಎಲ್ಎಸ್ ಅಲ್ಲೇ ಬಿಚ್ಕೊಳ್ಳತ್ತೆ, ಅದರ ಹಿಂದೆ ಸರ್ವಿಸಿಗೆ ಹೋಗೋದು ಪೋರ್ಟ್ 8080 ಅಂತ ಡಯಾಗ್ರಾಮಲ್ಲೇ ಪುಟ್ಟದಾಗಿ ಬರೆದಿದ್ದಾರೆ, ಅಂದ್ರೆ ಬಹುಶಃ ಮಾಮೂಲಿ ಎಚ್‌ಟಿಟಿಪಿ. ಡೇಟಾಬೇಸ್ ಕನೆಕ್ಷನ್ನೂ ಹಾಗೇ. ಆರ್‌ಡಿಎಸ್ ಪೋಸ್ಟ್‌ಗ್ರೆಸಲ್ಲಿ `rds.force_ssl` ಅಂತ ಒಂದು ಸೆಟ್ಟಿಂಗ್ ಇದೆ, ವರ್ಷನ್ 15 ರಿಂದ ಅದು ತಾನಾಗೇ ಆನ್ ಇರತ್ತೆ, ಅದಕ್ಕಿಂತ ಹಳೇ ವರ್ಷನ್ನಲ್ಲಿ ನಾವೇ ಆನ್ ಮಾಡ್ಬೇಕು. ಡೆಕ್ಕಲ್ಲಿ ಪೋಸ್ಟ್‌ಗ್ರೆಸ್ 13 ಅಂತಿದೆ. ಹಾಗಾದ್ರೆ ನೋಟಲ್ಲಿ "ಟಿಎಲ್ಎಸ್ ಇಲ್ಲ" ಅಂತ ಬರೀಬೇಡಿ, ನಿಮಗೆ ಅದು ಗೊತ್ತಿಲ್ಲ. "ಲೋಡ್ ಬ್ಯಾಲೆನ್ಸರ್ ಆಚೆ ಟಿಎಲ್ಎಸ್ ಇದೆ ಅನ್ನೋದಕ್ಕೆ ಡೆಕ್ಕಲ್ಲಿ ಆಧಾರ ಇಲ್ಲ, ಸ್ಲೈಡ್ 14 ರ ಮಾತು ಸ್ಲೈಡ್ 9 ರ ಚಿತ್ರಕ್ಕೆ ಹೊಂದ್ತಿಲ್ಲ" ಅಂತ ಬರೀರಿ. ಈ ಥರ ಎರಡು ಸ್ಲೈಡ್ ಜಗಳ ಆಡೋ ಜಾಗ ಹಿಡಿದ್ರೆ ಆರ್ಕಿಟೆಕ್ಟ್ ವಾದ ಮಾಡೋಕಾಗಲ್ಲ, ಎರಡೂ ಅವರದ್ದೇ ಸ್ಲೈಡ್.

ಡಯಾಗ್ರಾಮಲ್ಲಿ ಇಲ್ಲದ ಫ್ಲೋ ಇದ್ರೆ ಹೇಗೆ ಗೊತ್ತಾಗತ್ತೆ?

ಇದೇ ಅಸಲಿ ಕೆಲಸ. ಡಯಾಗ್ರಾಂ ಬರೆಯೋರು ಗ್ರಾಹಕರ ದಾರಿ ಬರೀತಾರೆ, ಸೈಡಲ್ಲಿ ಹರಿಯೋದನ್ನ ಬರೆಯಲ್ಲ. ನಾನು ಪ್ರತೀ ಬಾಕ್ಸ್ ಮೇಲೂ ಬೆರಳಿಟ್ಟು ಒಂದೇ ಪ್ರಶ್ನೆ ಕೇಳ್ತೀನಿ, ಇಲ್ಲಿ ಏನಾದ್ರೂ ಕೆಟ್ಟುಹೋದ್ರೆ ಇಂಜಿನಿಯರ್ ಎಲ್ಲಿ ಹೋಗಿ ನೋಡ್ತಾನೆ? ಉತ್ತರ ಯಾವಾಗ್ಲೂ ಲಾಗ್. ಡೆಕ್ಕಿನ ಸ್ಲೈಡ್ 31 ರಲ್ಲಿ ಮಾನಿಟರಿಂಗ್ ಅಂತ ಒಂದು ಬೇರೆ ಕಂಪನಿ ಟೂಲಿನ ಹೆಸರು ಇದೆ, ಆದ್ರೆ ಮೈನ್ ಡಯಾಗ್ರಾಮಲ್ಲಿ ಅದಕ್ಕೆ ಬಾಣನೇ ಇಲ್ಲ. ಸರ್ವಿಸ್ ಎರರ್ ಬಂದಾಗ ರಿಕ್ವೆಸ್ಟ್ ಬಾಡಿ ಪೂರ್ತಿ ಲಾಗ್ ಮಾಡತ್ತಾ? ಮಾಡಿದ್ರೆ ಪೇಶಂಟ್ ಹೆಸರು, ಫೋನ್ ನಂಬರ್, ಟೆಸ್ಟ್ ಹೆಸರು ಎಲ್ಲಾ ಮುಂಬೈ ಬಿಟ್ಟು ಬೇರೆ ದೇಶದ ಸರ್ವರಿಗೆ ಹೋಗ್ತಾ ಇರಬಹುದು, ಮತ್ತೆ ಆ ಟೂಲಿನ ಲಾಗಿನ್ ಇರೋ ಪ್ರತಿ ಡೆವಲಪರೂ ಅದನ್ನ ಸರ್ಚ್ ಮಾಡಬಹುದು.

ಹಾಗೇ ಕೇಳಬೇಕಾದ ಇನ್ನೆರಡು: ಟೆಸ್ಟಿಂಗಿಗೆ ಡೇಟಾ ಎಲ್ಲಿಂದ ಬರತ್ತೆ (ಪ್ರೊಡಕ್ಷನ್ ಡಂಪ್ ತಗೊಂಡು ಸ್ಟೇಜಿಂಗಿಗೆ ಹಾಕ್ತಾರಾ), ಮತ್ತೆ ತಿಂಗಳ ಕೊನೇಲಿ ಬಿಲ್ಲಿಂಗ್ ಟೀಮಿಗೆ ಎಕ್ಸೆಲ್ ಯಾರು ತೆಗೆದು ಯಾವ ಮೇಲಲ್ಲಿ ಕಳಿಸ್ತಾರೆ. ಎಕ್ಸೆಲ್ ಪ್ರಶ್ನೆ ಕೇಳಿದಾಗ ಮೀಟಿಂಗಲ್ಲಿ ಯಾರಾದ್ರೂ ಒಬ್ಬರು ನಕ್ಕೇ ನಗ್ತಾರೆ, ಆ ನಗು ನೋಡ್ಕೊಂಡು ಅವರನ್ನೇ ಆಮೇಲೆ ಹಿಡ್ಕೊಂಡು ಕೇಳಿ.

ಸ್ಟೋರೇಜ್ ಸ್ಲೈಡಲ್ಲಿ "ಎಇಎಸ್ 256 ಎನ್‌ಕ್ರಿಪ್ಶನ್" ಅಂತ ಇದೆ, ಅಲ್ಲಿಗೆ ಸ್ಟೋರೇಜ್ ಸೇಫ್ ಅಂತ ಬರೀಬಹುದಾ?

ಬೇಡ. ಆ ಸಾಲಿಂದ ನಿಮಗೆ ಗೊತ್ತಾಗೋದು ಬಹಳ ಕಮ್ಮಿ. ಎಸ್3 ಅಲ್ಲಿ 2023 ಜನವರಿಯಿಂದ ಹೊಸದಾಗಿ ಹಾಕೋ ಪ್ರತಿ ಫೈಲೂ ತಾನಾಗೇ ಎನ್‌ಕ್ರಿಪ್ಟ್ ಆಗತ್ತೆ, ಟೀಮ್ ಏನೂ ಮಾಡದಿದ್ರೂ ಆ ಸಾಲು ನಿಜಾನೇ. ಮತ್ತೆ ಈ ಎನ್‌ಕ್ರಿಪ್ಶನ್ ತಡೆಯೋದು ಡಿಸ್ಕ್ ಕದ್ದವನನ್ನ, ಪರ್ಮಿಷನ್ ಇರೋ ರೋಲ್ ಹಿಡ್ಕೊಂಡು ಬಂದವನನ್ನಲ್ಲ. ರೋಲ್ ಅಂದ್ರೆ ಸರ್ವಿಸಿಗೋ ಮನುಷ್ಯರಿಗೋ ಕೊಡೋ ಪರ್ಮಿಷನ್‌ಗಳ ಕಟ್ಟು. ಆ ರೋಲ್ ಕೇಳಿದ ತಕ್ಷಣ ಎಸ್3 ತಾನೇ ಡಿಕ್ರಿಪ್ಟ್ ಮಾಡಿ ಕೊಡತ್ತೆ.

ಇದಕ್ಕೆ ಎಲ್ಲರೂ ಓದಬೇಕಾದ ಕೇಸ್ 2019 ರ ಕ್ಯಾಪಿಟಲ್ ಒನ್ ಅನ್ನೋ ಅಮೆರಿಕದ ಬ್ಯಾಂಕಿನದ್ದು. ಅಮೆರಿಕದಲ್ಲಿ ಸುಮಾರು 10 ಕೋಟಿ, ಕೆನಡಾದಲ್ಲಿ ಸುಮಾರು 60 ಲಕ್ಷ ಜನರ ಮಾಹಿತಿ ಹೋಯ್ತು. ಸರಿಯಾಗಿ ಕಾನ್ಫಿಗರ್ ಮಾಡದ ಒಂದು ವೆಬ್ ಫೈರ್‌ವಾಲ್ ಮೂಲಕ ಒಳಗೆ ರಿಕ್ವೆಸ್ಟ್ ಕಳಿಸಿ, ಸರ್ವರಿಗೆ ಕ್ರೆಡೆನ್ಶಿಯಲ್ ಕೊಡೋ ಮೆಟಾಡೇಟಾ ಸರ್ವಿಸಿಂದ ಒಂದು ರೋಲಿನ ಕ್ರೆಡೆನ್ಶಿಯಲ್ ತಗೊಂಡು, ಆ ರೋಲಿಗೆ ಎಸ್3 ಓದೋ ಪರ್ಮಿಷನ್ ಇದ್ದಿದ್ರಿಂದ ಫೈಲ್‌ಗಳನ್ನ ಇಳಿಸ್ಕೊಂಡಿದ್ದು. ಡೇಟಾ ಎನ್‌ಕ್ರಿಪ್ಟ್ ಆಗೇ ಇತ್ತು. ಆ ಆಕ್ಸೆಸ್ ಜೊತೆಗೇ ಡಿಕ್ರಿಪ್ಶನ್ನೂ ಆಯ್ತು ಅಂತ ಕಂಪನಿನೇ ಆಮೇಲೆ ಹೇಳ್ತು. ಮುಂದಿನ ವರ್ಷ ಅಲ್ಲಿನ ಬ್ಯಾಂಕ್ ರೆಗ್ಯುಲೇಟರ್ 8 ಕೋಟಿ ಡಾಲರ್ ದಂಡ ಹಾಕಿದ್ರು.

ಅದಕ್ಕೇ ನೋಟಲ್ಲಿ ಎನ್‌ಕ್ರಿಪ್ಶನ್ ಇದೆಯಾ ಇಲ್ವಾ ಅನ್ನೋದು ಒಂದು ಸಾಲು ಸಾಕು, ಕೀ ಯಾರ ಕೈಲಿದೆ ಅನ್ನೋದು ಒಂದು ಪ್ಯಾರಾ ಬೇಕು. ಎಸ್3 ದೇ ಕೀ ಬಳಸಿದ್ರೆ ಓದೋ ಪರ್ಮಿಷನ್ ಒಂದಿದ್ರೆ ಆಯ್ತು. ಎಡಬ್ಲ್ಯುಎಸಿನ ಕೀ ಇಡೋ ಸರ್ವಿಸ್ ಕೆಎಂಎಸಲ್ಲಿ ನಮ್ಮದೇ ಕೀ ಇಟ್ರೆ `s3:GetObject` ಜೊತೆ `kms:Decrypt` ಕೂಡ ಬೇಕಾಗತ್ತೆ, ಎರಡನ್ನ ಬೇರೆ ಬೇರೆಯವರಿಗೆ ಕೊಟ್ರೆ ಮಾತ್ರ ಅದಕ್ಕೆ ಬೆಲೆ. ಎರಡೂ ಒಂದೇ ರೋಲಿಗೆ ಕೊಟ್ಟು ಆ ರೋಲನ್ನ ಹತ್ತು ಸರ್ವಿಸ್ ಹಂಚ್ಕೊಂಡ್ರೆ ಏನೂ ಪ್ರಯೋಜನ ಇಲ್ಲ.

ಪ್ರಾಥಮಿಕ ಡೇಟಾಬೇಸ್ ಬಿಟ್ಟು ಬೇರೆ ಕಾಪಿಗಳನ್ನೂ ನೋಟಲ್ಲಿ ಹಾಕ್ಬೇಕಾ?

ಹಾಕ್ಲೇಬೇಕು. "ಪೇಶಂಟ್ ಕೇಳಿದ್ರೆ 30 ದಿನದಲ್ಲಿ ಡೇಟಾ ಡಿಲೀಟ್ ಮಾಡ್ತೀವಿ" ಅಂತ ಸ್ಲೈಡ್ 26 ಹೇಳತ್ತೆ. ಡೇಟಾಬೇಸಿನ ರೋ ಅಳಿಸಿದ್ರು ಸರಿ, ಆರ್‌ಡಿಎಸ್ ಆಟೊಮ್ಯಾಟಿಕ್ ಬ್ಯಾಕಪ್ ಗರಿಷ್ಠ 35 ದಿನ ಇಡಬಹುದು, ಅದು ತಾನಾಗೇ ಹೋಗತ್ತೆ. ಆದ್ರೆ ರಿಲೀಸಿಗೆ ಮುಂಚೆ "ಇರ್ಲಿ ಒಂದು" ಅಂತ ಕೈಯಾರೆ ತೆಗೆದ ಸ್ನ್ಯಾಪ್‌ಶಾಟ್ ಯಾರಾದ್ರೂ ಅಳಿಸೋವರೆಗೂ ಅಲ್ಲೇ ಇರತ್ತೆ. ಎಸ್3 ಬಕೆಟ್ಟಲ್ಲಿ ವರ್ಷನಿಂಗ್ ಆನ್ ಇದ್ರೆ ಪಿಡಿಎಫ್ ಡಿಲೀಟ್ ಮಾಡಿದಾಗ ಬರೀ ಡಿಲೀಟ್ ಮಾರ್ಕರ್ ಬೀಳತ್ತೆ, ಹಳೇ ವರ್ಷನ್ ಹಾಗೇ ಕೂತಿರತ್ತೆ, ಲೈಫ್‌ಸೈಕಲ್ ರೂಲ್ ಹಾಕಿದ್ರೆ ಮಾತ್ರ ಹೋಗತ್ತೆ. ಅನಾಲಿಟಿಕ್ಸ್ ಕಾಪಿ ಬಗ್ಗೆಯಂತೂ ಡೆಕ್ ಮಾತೇ ಆಡಲ್ಲ. ಹಾಗಾಗಿ ಸ್ಟೋರೇಜ್ ಸೆಕ್ಷನ್ನಲ್ಲಿ ಒಂದೊಂದು ಕಾಪಿಗೂ ಅದು ಯಾವಾಗ ಸಾಯತ್ತೆ, ಯಾರು ಸಾಯಿಸ್ತಾರೆ ಅಂತ ಬರೀರಿ, ಗೊತ್ತಿಲ್ಲದ್ದಕ್ಕೆ "ಡೆಕ್ಕಲ್ಲಿ ಇಲ್ಲ" ಅಂತ.

ಒಂದು ಸಣ್ಣ ವಿಷಯ, ಹಳೇ ಆರ್‌ಡಿಎಸ್ ಎನ್‌ಕ್ರಿಪ್ಟ್ ಇಲ್ಲದೇ ಶುರುವಾಗಿದ್ರೆ ಆಮೇಲೆ ಒಂದು ಬಟನ್ ಒತ್ತಿ ಆನ್ ಮಾಡೋಕಾಗಲ್ಲ, ಸ್ನ್ಯಾಪ್‌ಶಾಟ್ ತೆಗೆದು ಅದರ ಎನ್‌ಕ್ರಿಪ್ಟೆಡ್ ಕಾಪಿ ಮಾಡಿ ಹೊಸದಾಗಿ ರಿಸ್ಟೋರ್ ಮಾಡ್ಬೇಕು. "ಮುಂದಿನ ಸ್ಪ್ರಿಂಟಲ್ಲಿ ಆನ್ ಮಾಡ್ತೀವಿ" ಅಂತ ಡೆಕ್ಕಲ್ಲಿದ್ರೆ ಡೌನ್‌ಟೈಮ್ ಪ್ಲಾನ್ ಎಲ್ಲಿ ಅಂತ ಕೇಳಿ.

ಎಸ್ಎಂಎಸಲ್ಲಿ ಹೋಗೋ ರಿಪೋರ್ಟ್ ಲಿಂಕ್, ಇದು ಫ್ಲೋನಾ ಆಕ್ಸೆಸ್ಸಾ?

ಎರಡೂ, ಅದಕ್ಕೇ ಈ ಡೆಕ್ಕಲ್ಲಿ ಇದೇ ದೊಡ್ಡ ವಿಷಯ, ಸ್ವಲ್ಪ ನಿಧಾನವಾಗಿ ನೋಡೋಣ. ಸ್ಲೈಡ್ 21 ಹೀಗಿದೆ: "ಎಸ್3 ಪ್ರಿಸೈನ್ಡ್ ಯುಆರ್‌ಎಲ್, 7 ದಿನ ವ್ಯಾಲಿಡ್, ಸೆಕ್ಯೂರ್". ಪ್ರಿಸೈನ್ಡ್ ಲಿಂಕ್ ಅಂದ್ರೆ ಅದು ಯಾರ ಕೈಲಿ ಇದೆಯೋ ಅವರಿಗೆ ಫೈಲ್ ಸಿಗತ್ತೆ, ಲಾಗಿನ್ ಇಲ್ಲ, ಒಟಿಪಿ ಇಲ್ಲ, ಒಂದ್ಸಲ ತೆಗೆದ್ರೆ ಮುಗೀತು ಅಂತಾನೂ ಇಲ್ಲ, ಟೈಮ್ ಮುಗಿಯೋವರೆಗೆ ಎಷ್ಟು ಸಲ ಬೇಕಾದ್ರೂ ತೆಗೀಬಹುದು. ಮನೆಯವರೆಲ್ಲ ನೋಡೋ ಫೋನು, ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಫಾರ್ವರ್ಡ್ ಆದ ಎಸ್ಎಂಎಸ್, ಎಸ್ಎಂಎಸ್ ಕಳಿಸೋ ವೆಂಡರಿನ ಡ್ಯಾಶ್‌ಬೋರ್ಡಲ್ಲಿ ಕಾಣೋ ಮೆಸೇಜ್ ಟೆಕ್ಸ್ಟ್, ಎಲ್ಲಾ ಕಡೆ ಆ ಎಚ್ಐವಿ ರಿಪೋರ್ಟ್ 7 ದಿನ ಬಾಗಿಲು ತೆಗೆದಿಟ್ಟ ಹಾಗೇ.

ಇದು ಎಲ್ಲರೂ ಹೇಳೋ ಪಾಯಿಂಟ್. ಡೆಕ್ ಹೇಳದೇ ಇರೋ ಇನ್ನೊಂದು ಪಾಯಿಂಟ್ ಆ "7 ದಿನ" ಅನ್ನೋ ನಂಬರಲ್ಲೇ ಅಡಗಿದೆ. ಈ ಲಿಂಕಿಗೆ ಗರಿಷ್ಠ 7 ದಿನ, ಅಂದ್ರೆ 604800 ಸೆಕೆಂಡ್. ಆದ್ರೆ ಲಿಂಕ್ ಮಾಡಿದ ಕ್ರೆಡೆನ್ಶಿಯಲ್ ಸತ್ತ ತಕ್ಷಣ ಲಿಂಕೂ ಸಾಯತ್ತೆ. ಸರ್ವರಿನ ರೋಲಿಂದ ಬರೋದು ತಾತ್ಕಾಲಿಕ ಕ್ರೆಡೆನ್ಶಿಯಲ್, ಅದು ಕೆಲವು ಗಂಟೆ ಮಾತ್ರ ಬದುಕಿರತ್ತೆ. ಹಾಗಾದ್ರೆ ನಿಜವಾಗ್ಲೂ 7 ದಿನ ಕೆಲಸ ಮಾಡ್ತಿದೆ ಅಂದ್ರೆ ಎಡಬ್ಲ್ಯುಎಸಿನ ಪರ್ಮಿಷನ್ ವ್ಯವಸ್ಥೆ ಐಎಎಂನಲ್ಲಿ ಎಲ್ಲೋ ಒಂದು ಯೂಸರಿನ ಪರ್ಮನೆಂಟ್ ಆಕ್ಸೆಸ್ ಕೀ ಇದೆ, ಅದು ಸರ್ವರಿನ ಎನ್ವಿರಾನ್‌ಮೆಂಟ್ ಫೈಲಲ್ಲಿ ಕೂತಿರತ್ತೆ, ಇಡೀ ರಿಪೋರ್ಟ್ ಬಕೆಟ್ ಓದೋ ಶಕ್ತಿ ಅದಕ್ಕಿದೆ. ಆದ್ರೆ ಸ್ಲೈಡ್ 17 ರಲ್ಲಿ "ಪರ್ಮನೆಂಟ್ ಕೀ ಎಲ್ಲೂ ಇಲ್ಲ, ಎಲ್ಲಾ ರೋಲ್" ಅಂತಿದೆ. ಎರಡರಲ್ಲಿ ಒಂದು ಸುಳ್ಳು: ಒಂದೋ ಕೀ ಇದೆ, ಇಲ್ಲಾ ಲಿಂಕ್ 7 ದಿನಕ್ಕೆ ಮುಂಚೆನೇ ಸಾಯ್ತಿದೆ, ಪೇಶಂಟ್‌ಗಳು ಸಪೋರ್ಟಿಗೆ ಫೋನ್ ಮಾಡ್ತಿದಾರೆ, ಸಪೋರ್ಟಿನವರು ಪಿಡಿಎಫ್ ಇಳಿಸಿ ತಮ್ಮ ಫೋನಿಂದ ಕಳಿಸ್ತಿದಾರೆ. ಎರಡನೇದು ಆಗಿದ್ರೆ ಅದು ಇನ್ನೂ ದೊಡ್ಡ ತಲೆನೋವು.

ಆಕ್ಸೆಸ್ ಸ್ಲೈಡಲ್ಲಿ ಬರೀ "ಆರ್‌ಬಿಎಸಿ, ಲೀಸ್ಟ್ ಪ್ರಿವಿಲೇಜ್" ಅಂತಿದ್ರೆ ಏನು ಬರೆಯೋದು?

ರೋಲ್ ನೋಡಿ ಆಕ್ಸೆಸ್ ಕೊಡ್ತೀವಿ, ಬೇಕಾದಷ್ಟೇ ಕೊಡ್ತೀವಿ ಅನ್ನೋದು ಉದ್ದೇಶ, ವ್ಯವಸ್ಥೆ ಅಲ್ಲ. ರೋಲ್ ಪಟ್ಟಿ ಮತ್ತೆ ಪಾಲಿಸಿ ಫೈಲ್ ಕೇಳಿ ತರಿಸ್ಕೊಳ್ಳಿ. ಎಷ್ಟೋ ಸಲ ಬರೋದು ಇದು:

```json
{
  "Effect": "Allow",
  "Action": "s3:*",
  "Resource": "*"
}
```

ಪಿಡಿಎಫ್ ಮಾಡೋ ಸರ್ವಿಸಿಗೆ ಇದನ್ನ ಕೊಟ್ಟಿದ್ರೆ ಆ ಅಕೌಂಟಿನ ಪ್ರತಿ ಬಕೆಟ್ಟನ್ನೂ, ಬ್ಯಾಕಪ್ ಬಕೆಟ್ ಸೇರಿ, ಓದಬಹುದು, ಅಳಿಸಬಹುದು. ಅದಕ್ಕೆ ಬೇಕಿದ್ದಿದ್ದು ಒಂದು ಬಕೆಟ್ಟಲ್ಲಿ ಬರೆಯೋ ಪರ್ಮಿಷನ್ ಅಷ್ಟೇ. ಕ್ಯಾಪಿಟಲ್ ಒನ್ ಕಥೆಯ ಅರ್ಧ ಇಲ್ಲೇ ಇದೆ.

ಮನುಷ್ಯರ ಆಕ್ಸೆಸ್ ಬಗ್ಗೆ ಬರೆಯುವಾಗ ಟೀಮ್ ಹೆಸರಿಂದ ಬರೀಬೇಡಿ, ಏನು ಮಾಡಬಹುದು ಅನ್ನೋದರಿಂದ ಬರೀರಿ. "ಸಪೋರ್ಟ್ ಟೀಮಿಗೆ ಆಕ್ಸೆಸ್ ಇದೆ" ಅನ್ನೋ ಬದಲು "ಸಪೋರ್ಟಿನ ಯಾರೇ ಆದ್ರೂ ಫೋನ್ ನಂಬರ್ ಹಾಕಿ ಯಾವ ಪೇಶಂಟಿನ ಪೂರ್ತಿ ರಿಪೋರ್ಟನ್ನಾದ್ರೂ ತೆಗೀಬಹುದು, ಟಿಕೆಟ್ ನಂಬರ್ ಕೇಳಲ್ಲ" ಅಂದ್ರೆ ಓದೋರಿಗೆ ತಟ್ಟನೆ ಅರ್ಥ ಆಗತ್ತೆ.

ಇನ್ನೊಂದು, "ಕ್ಲೌಡ್‌ಟ್ರೇಲ್ ಆನ್ ಇದೆ, ಎಲ್ಲಾ ಆಡಿಟ್ ಆಗತ್ತೆ" ಅಂತ ಇದ್ದೇ ಇರತ್ತೆ. ಎಡಬ್ಲ್ಯುಎಸಿನ ಆಡಿಟ್ ಲಾಗ್ ಆದ ಕ್ಲೌಡ್‌ಟ್ರೇಲ್ ತಾನಾಗೇ ಬರ್ಕೊಳ್ಳೋದು ಬಕೆಟ್ ಮಾಡಿದ್ದು, ಪಾಲಿಸಿ ಬದಲಿಸಿದ್ದು ಥರದ್ದು. ಯಾರು ಯಾವ ಫೈಲ್ ಓದಿದ್ರು ಅನ್ನೋದು ಬೇಕಂದ್ರೆ ಡೇಟಾ ಇವೆಂಟ್ಸ್ ಬೇರೆಯಾಗಿ ಆನ್ ಮಾಡ್ಬೇಕು, ಅದಕ್ಕೆ ದುಡ್ಡೂ ಬೇರೆ. ಅದು ಆಫ್ ಇದ್ರೆ ನಾಳೆ ರಿಪೋರ್ಟ್ ಲೀಕ್ ಆಯ್ತು ಅಂದಾಗ ಎಷ್ಟು ಪೇಶಂಟ್‌ಗಳದ್ದು ಹೋಯ್ತು ಅಂತ ಹೇಳೋಕೇ ಆಗಲ್ಲ.

ಹೈ, ಮೀಡಿಯಂ, ಲೋ ಹೇಗೆ ಹಾಕೋದು? ಡೆಕ್ಕಲ್ಲಿ ಹೇಳದೇ ಇದ್ರೆ ಅದು ರಿಸ್ಕಾ?

ಹೇಳದೇ ಇರೋದು ರಿಸ್ಕ್ ಅಲ್ಲ, ಪ್ರಶ್ನೆ. ಅದಕ್ಕೆ ಬೇರೆ ಪಟ್ಟಿ ಮಾಡಿ, ಪ್ರತಿ ಪ್ರಶ್ನೆಗೂ ಉತ್ತರ ಕೊಡೋರ ಹೆಸರು ಮತ್ತೆ ತಾರೀಖು ಹಾಕಿ. ರಿಸ್ಕ್ ಅಂತ ಬರೀಬೇಕಂದ್ರೆ ಡೆಕ್ಕೇ ತೋರಿಸ್ತಿರ್ಬೇಕು, ಇಲ್ಲಾ ನೀವೇ ಕಾನ್ಫಿಗರೇಷನ್ ನೋಡಿರ್ಬೇಕು. ಲೆವೆಲ್ ಹಾಕೋಕೆ ನಾನು ಎರಡೇ ನೋಡೋದು: ಒಂದೇ ಏಟಿಗೆ ಎಷ್ಟು ಜನರ ಡೇಟಾ ಹೋಗತ್ತೆ, ಮತ್ತೆ ಅಲ್ಲಿವರೆಗೆ ಬರೋಕೆ ಕಳ್ಳನಿಗೆ ಇನ್ನೆಷ್ಟು ಬೀಗ ಒಡೀಬೇಕು. ಒಬ್ಬರ ಲಿಂಕ್ ಫಾರ್ವರ್ಡ್ ಆದ್ರೆ ಒಬ್ಬರದ್ದೇ ರಿಪೋರ್ಟ್, ಪರ್ಮನೆಂಟ್ ಕೀ ಸೋರಿದ್ರೆ ಎಲ್ಲರದ್ದೂ, ಅದೂ ಒಂದೇ ಹೆಜ್ಜೆಗೆ. ಎಲ್ಲಕ್ಕೂ ಹೈ ಹಾಕಿದ್ರೆ ಯಾರೂ ಓದಲ್ಲ, ಇದನ್ನ ಮಾತ್ರ ನಂಬಿ.

ಒಂದು ಅಂಶ ಬರೆದು ತೋರಿಸ್ತೀರಾ?

> ಅಂಶ 1, ಹೈ. ರಿಪೋರ್ಟ್ ಲಿಂಕ್ ಮತ್ತು ಅದನ್ನ ಸೈನ್ ಮಾಡೋ ಕೀ.
> ಡೆಕ್ ಹೇಳೋದು: ಪ್ರಿಸೈನ್ಡ್ ಲಿಂಕ್ 7 ದಿನ ನಡೆಯತ್ತೆ (ಸ್ಲೈಡ್ 21). ಪರ್ಮನೆಂಟ್ ಕೀ ಇಲ್ಲ (ಸ್ಲೈಡ್ 17).
> ನಮ್ಮ ಗಮನಕ್ಕೆ ಬಂದದ್ದು: ರೋಲಿನ ತಾತ್ಕಾಲಿಕ ಕ್ರೆಡೆನ್ಶಿಯಲಿಂದ 7 ದಿನದ ಲಿಂಕ್ ಆಗಲ್ಲ, ಎರಡು ಸ್ಲೈಡ್ ಒಂದಕ್ಕೊಂದು ಹೊಂದಲ್ಲ.
> ಕೀ ಇದ್ರೆ ಆಗಬಹುದಾದ್ದು: ಕೀ ಸೋರಿದ್ರೆ ಬಕೆಟ್ಟಲ್ಲಿರೋ ಎಲ್ಲಾ ರಿಪೋರ್ಟ್ ಓದಬಹುದು. ಲಿಂಕ್ ಸೋರಿದ್ರೆ ಆ ಪೇಶಂಟಿನ ರಿಪೋರ್ಟ್ ಅವಧಿ ಮುಗಿಯೋವರೆಗೆ ಯಾರಿಗಾದ್ರೂ ಸಿಗತ್ತೆ.
> ಕೇಳ್ತಿರೋದು: ಎಸ್ಎಂಎಸಲ್ಲಿ ನಮ್ಮ ಸರ್ವಿಸಿನ ಲಿಂಕ್ ಹೋಗಲಿ, ಒಟಿಪಿ ಆದ್ಮೇಲೆ 5 ನಿಮಿಷದ ಪ್ರಿಸೈನ್ಡ್ ಲಿಂಕ್ ಆಗಲಿ. ಪರ್ಮನೆಂಟ್ ಕೀ ಇದ್ರೆ ತೆಗೀಬೇಕು.
> ಇನ್ನೂ ಪರಿಶೀಲಿಸಿಲ್ಲ: ಐಎಎಂ ಯೂಸರ್ ಪಟ್ಟಿ.

ಕೊನೇ ಸಾಲು ಬಹಳ ಜನ ಬಿಡ್ತಾರೆ, ಬಿಡಬೇಡಿ. ಸೈನ್ ಹಾಕೋರಿಗೆ ನೀವು ಏನು ನೋಡಿಲ್ಲ ಅನ್ನೋದೂ ಗೊತ್ತಿರ್ಬೇಕು. ಇದನ್ನ ಪ್ರಶ್ನೆ ಅನ್ನದೇ ರಿಸ್ಕ್ ಅಂತ ಹಾಕಿರೋದು ಯಾಕಂದ್ರೆ ಯಾವ ಸ್ಲೈಡ್ ಸುಳ್ಳಾದ್ರೂ ಲಿಂಕ್ ಹಿಡ್ಕೊಂಡವರಿಗೆ ರಿಪೋರ್ಟ್ ಸಿಗೋದಂತೂ ಡೆಕ್ಕಿನ ಪ್ರಕಾರನೇ ನಿಜ. ಹೈ ಹಾಕಿರೋದು ಕೀ ಇದ್ರೆ ಎಲ್ಲರ ರಿಪೋರ್ಟೂ ಒಂದೇ ಹೆಜ್ಜೆಗೆ ಹೋಗೋದ್ರಿಂದ.

ಕಾನೂನಿನ ವಿಷಯ ಎಷ್ಟು ಬರೀಬೇಕು?

ಡಿಸೈನ್ ಬದಲಾಗೋಷ್ಟು ಮಾತ್ರ. 2023 ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆಯಲ್ಲಿ ಸರಿಯಾದ ಸೆಕ್ಯುರಿಟಿ ಇಡದಿದ್ರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ ಅಂತ ಒಂದು ಸಾಲು ಸಾಕು. ನಮ್ಮ ಡೆಕ್ಕಿಗೆ ನೇರವಾಗಿ ತಾಗೋದು ಕೇಂದ್ರ ಸರ್ಕಾರದ ಸೈಬರ್ ಸೆಕ್ಯುರಿಟಿ ಸಂಸ್ಥೆ ಸರ್ಟ್-ಇನ್‌ನ 2022 ಏಪ್ರಿಲ್ 28 ರ ನಿರ್ದೇಶನ: ಲಾಗ್ 180 ದಿನ ಇಡಬೇಕು, ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸ್ಬೇಕು. ಸ್ಲೈಡ್ 31 ಲಾಗ್ 30 ದಿನ ಅನ್ನತ್ತೆ. ಸರಿ 180 ಮಾಡಿ ಅಂತ ಬರೆದು ಕೈತೊಳ್ಕೊಂಡ್ರೆ ಫೋನ್ ನಂಬರ್ ತುಂಬಿರೋ ಲಾಗ್ ಆರು ಪಟ್ಟು ಜಾಸ್ತಿ ದಿನ ಉಳಿಯತ್ತೆ. ಹಾಗಾಗಿ ಎರಡನ್ನೂ ಒಟ್ಟಿಗೆ ಬರೀರಿ: ಮೊದಲು ಫೋನ್ ನಂಬರ್ ಥರದ್ದನ್ನ ಮರೆಮಾಡೋ ಮಾಸ್ಕಿಂಗ್, ಆಮೇಲೆ 180 ದಿನ.

ಆರ್ಕಿಟೆಕ್ಟ್ "ಅದೆಲ್ಲಾ ಸರಿ ಮಾಡಿದೀವಿ, ಡೆಕ್ ಹಳೇದು" ಅಂದ್ರೆ?

ಒಳ್ಳೇದೇ. ಹೊಸ ಡೆಕ್ ಕೇಳಿ, ಇಲ್ಲಾ ಸ್ಕ್ರೀನ್ ಶೇರ್ ಮಾಡಿ ತೋರಿಸೋಕೆ ಹೇಳಿ, ಬಾಯಿಮಾತಿನ ಮೇಲೆ ಅಂಶ ಕ್ಲೋಸ್ ಮಾಡಬೇಡಿ. ಕೀ ವಿಷಯಕ್ಕೆ ಈ ಕಮಾಂಡ್ ಓಡಿಸಿ ಅಂದ್ರೆ ಸಾಕು:

```
aws iam list-users
aws iam list-access-keys --user-name <ಯೂಸರ್>
```

ಯೂಸರ್ ಪಟ್ಟಿ ಖಾಲಿ ಬಂದ್ರೆ ಐಎಎಂ ಯೂಸರ್ ಕೀ ಪಾಯಿಂಟ್ ಆ ಅಕೌಂಟಿನ ಮಟ್ಟಿಗೆ ಅಲ್ಲೇ ಮುಗೀತು, ಬಕೆಟ್ ಬೇರೆ ಅಕೌಂಟಲ್ಲಿದ್ರೆ ಅಲ್ಲೂ ಓಡಿಸಿ. ಔಟ್‌ಪುಟ್ಟನ್ನ ತಾರೀಖಿನ ಜೊತೆ ನೋಟಿಗೆ ಅಂಟಿಸಿ, ಹೈ ತೆಗೆದು ಮೀಡಿಯಂ ಮಾಡಿ, ಲಿಂಕಿನ ಪಾಯಿಂಟ್ ಮಾತ್ರ ಓಪನ್ ಇಡಿ. ನೋಟಿನ ತಲೆಯಲ್ಲಿ ಯಾವ ವರ್ಷನ್ ಡೆಕ್, ಯಾವ ತಾರೀಖಿನದ್ದು ಅಂತಾನೂ ಹಾಕಿರಿ, ಆರು ತಿಂಗಳ ಮೇಲೆ ಆಡಿಟರ್ ಬಂದು ಕೇಳೋದು ಮೊದಲು ಅದನ್ನೇ.